ತಿಳಿದವರು ಮೇಲೋ, ಆಳುವವರು ಮೇಲೋ

ಇಲಾಖೆಯ ತಲೆಯಲ್ಲಿ ಯಾರು ಇರಬೇಕು ಎಂಬುದು ಹಳೆಯ ಜಗಳ. ಆರೋಗ್ಯ ಇಲಾಖೆಗೆ ಡಾಕ್ಟರೇ ಮೇಲಧಿಕಾರಿ ಆಗಬೇಕಾ, ಕೃಷಿ ಇಲಾಖೆಗೆ ಕೃಷಿ ಕಲಿತವರೇ ಆಗಬೇಕಾ, ಅಥವಾ ಈಗ ಇರುವ ಹಾಗೆ ಐ.ಎ.ಎಸ್. ಪಾಸಾದವರು ಇವತ್ತು ಬಂದರಿಗೆ, ನಾಳೆ ಶಾಲೆಗಳಿಗೆ, ನಾಡಿದ್ದು ಗೇರುಬೀಜಕ್ಕೆ ಅಂತ ಕುರ್ಚಿ ಬದಲಿಸುತ್ತ ಎಲ್ಲವನ್ನೂ ನೋಡಿಕೊಳ್ಳಬಹುದಾ? ನಮ್ಮ ಮಾಷ್ಟ್ರುಗಳು ವಾಚನಾಲಯದ ಜಗಲಿಯಲ್ಲಿ ಇದನ್ನು ಚರ್ಚೆ ಮಾಡುವಾಗ ನಾನೂ ಕೇಳಿದ್ದೇನೆ. ನಾನು ಕಲಿತದ್ದು ಏಳನೇ ಕ್ಲಾಸು. ಆದರೆ ಈ ಜಗಳದ ಫಲ ಉಂಡ ಊರು ನಮ್ಮದು, ಹಾಗಾಗಿ ಎರಡು ಮಾತು ಬರೆಯುವ ಹಕ್ಕು ನನಗೂ ಉಂಟು ಅಂತ ಕಾಣುತ್ತದೆ.

ಕನ್ನಡದವರಿಗೆ ಈ ವಿಷಯ ದೂರದ್ದಲ್ಲ. ಮೈಸೂರಿನ ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯನವರು ಆಮೇಲೆ ದಿಲ್ಲಿಯ ಆಡಳಿತ ಸುಧಾರಣಾ ಆಯೋಗಕ್ಕೆ ಅಧ್ಯಕ್ಷರಾದರು. ಆ ಆಯೋಗ 1969ರಲ್ಲಿ ಕೊಟ್ಟ ಒಂದು ವರದಿಯಲ್ಲಿ ಹೇಳಿದ್ದೇ ಇದನ್ನು. ಕಂದಾಯ, ಶಾಂತಿಪಾಲನೆ ಮೊದಲಾದ ಕೆಲಸ ಐ.ಎ.ಎಸ್. ನವರಿಗೆ ಇರಲಿ, ಕೃಷಿ, ಕೈಗಾರಿಕೆ, ಹಣಕಾಸು ಇಂಥ ಕಡೆಗಳಲ್ಲಿ ಮೇಲಿನ ಕುರ್ಚಿಗೆ ಆಯಾ ವಿಷಯದಲ್ಲಿ ಪಳಗಿದವರು ಬರಲಿ, ಬೇರೆ ಬೇರೆ ಸೇವೆಗಳಲ್ಲಿ ದುಡಿದವರಿಗೂ ಆ ಬಾಗಿಲು ತೆರೆಯಲಿ ಅಂತ. ಸರಕಾರ ಅದನ್ನು ಪೂರ್ತಿ ಒಪ್ಪಲಿಲ್ಲ. ಹಾಗಾಗಿ ಜಗಳ ಇವತ್ತಿಗೂ ಉಳಿದಿದೆ.

ತಿಳಿದವರ ಪರ ಮಾತಾಡುವವರಿಗೆ ಒಳ್ಳೆ ಸಾಕ್ಷಿ ನಮ್ಮ ಅಡಿಕೆ ತೋಟದಲ್ಲೇ ಉಂಟು. ಮಹಾಳಿ ರೋಗ ಎಂದರೆ ಏನೆಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಘಟ್ಟದ ಮೇಲೆ ಕೊಳೆರೋಗ ಅಂತಾರೆ. 1908ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬವರು ಮೈಸೂರು ಸರಕಾರದ ಕೆಲಸಕ್ಕೆ ಬಂದರು. ಕೀಟ ಮತ್ತು ಬೂಷ್ಟುಗಳ ವಿಷಯ ಕಲಿತವರು. ಮಲೆನಾಡಿನ ಮಳೆಯಲ್ಲಿ ತೋಟಗಳಿಗೆ ಹೋಗಿ, ಉದುರಿದ ಅಡಿಕೆ ನೋಡಿ, ಇದು ಒಂದು ಬೂಷ್ಟಿನಿಂದ ಬರುವ ರೋಗ ಎಂದು ಹಿಡಿದರು. ಬೋರ್ಡೋ ದ್ರಾವಣಕ್ಕೆ ಮಳೆಯಲ್ಲಿ ತೊಳೆದು ಹೋಗದ ಹಾಗೆ ರಾಳದ ಅಂಟು ಬೆರೆಸಿ ಗೊನೆಗೆ ಬಿಡುವ ಕ್ರಮ ಹೇಳಿಕೊಟ್ಟರು. ಆಮೇಲೆ ಅಲ್ಲಿನ ಕೃಷಿ ಇಲಾಖೆಗೆ ಅವರೇ ನಿರ್ದೇಶಕರೂ ಆದರು. ನೂರು ವರ್ಷ ದಾಟಿತು. ನಾವು ಮಳೆಗಾಲದ ಮೊದಲು ಒಮ್ಮೆ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಮದ್ದು ಬಿಡುವುದು ಅದೇ ದಾರಿಯಲ್ಲಿ. ಇಂಥವರು ಇಲಾಖೆಯ ತಲೆಯಲ್ಲಿ ಇದ್ದರೆ ಬೇಡ ಎನ್ನುವವರು ಯಾರು?

ಹಾಗಾದರೆ ಜಗಳ ಇಲ್ಲಿಗೆ ಮುಗಿಯಿತಲ್ಲ ಅನ್ನಬಹುದು. ಮುಗಿಯುವುದಿಲ್ಲ. ಯಾಕೆಂದರೆ ನಮ್ಮ ಗುಡ್ಡೆಯ ಗೇರುತೋಟಕ್ಕೆ ಎಂಡೋಸಲ್ಫಾನ್ ಬಿಡಿಸಿದ್ದು ಕೂಡ ತಿಳಿದವರ ಮಾತಿನ ಮೇಲೆಯೇ.

ಆ ಕತೆ ಊರಿಗೆ ಗೊತ್ತಿದ್ದದ್ದೇ, ಪೂರ್ತಿ ಹೇಳುವುದಿಲ್ಲ. ಈ ಜಗಳಕ್ಕೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ಕೇರಳ ತೋಟಗಾರಿಕಾ ನಿಗಮ ಎಂಬುದು ಸರಕಾರದ್ದೇ ಸಂಸ್ಥೆ. ಕಾಸರಗೋಡು ಜಿಲ್ಲೆಯ ಗುಡ್ಡೆಗಳಲ್ಲಿ ಅದರ ಗೇರುತೋಟ 4,500 ಹೆಕ್ಟೇರಿಗಿಂತ ಹೆಚ್ಚು. ಗೇರಿಗೆ ದೊಡ್ಡ ಶತ್ರು ಟೀ-ಸೊಳ್ಳೆ. ಅದು ಎಳೆ ಚಿಗುರು, ಹೂವಿನ ಗೊಂಚಲು, ಮಿಡಿ ಬೀಜ ಎಲ್ಲದರ ರಸ ಹೀರುತ್ತದೆ. ಕುಡಿ ಕಪ್ಪಾಗಿ ಒಣಗುತ್ತದೆ, ಬೆಂಕಿ ತಾಗಿದ ಹಾಗೆ ಕಾಣುತ್ತದೆ. ಅದಕ್ಕೆ ಚಿಗುರುವಾಗ, ಹೂ ಬಿಡುವಾಗ, ಕಾಯಿ ಕಚ್ಚುವಾಗ ಮದ್ದು ಬಿಡಬೇಕು ಎಂದು ಗೇರಿನ ಪಂಡಿತರು ಹೇಳಿದರು. ಗೇರಿನ ಮಟ್ಟಿಗೆ ಆ ಮಾತಿನಲ್ಲಿ ತಪ್ಪಿಲ್ಲ. ಇಷ್ಟು ದೊಡ್ಡ ಗುಡ್ಡೆಗೆ ಆಳುಗಳನ್ನು ಕಳಿಸಿ ಬಿಡಿಸುವುದು ಕಷ್ಟ ಅಂತ ಹೆಲಿಕಾಪ್ಟರ್ ತರಿಸಿದರು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು-ಮೂರು ಸಲ ನಮ್ಮ ಆಕಾಶದಲ್ಲಿ ಅದು ತಿರುಗಿತು.

ಇಲ್ಲಿ ಪಂಡಿತರಿಗೆ ಕಾಣದೆ ಹೋದದ್ದು ಎಂತದು ಎಂದು ಯೋಚಿಸಿದರೆ, ಅದು ನೀರು. ಎಣ್ಮಕಜೆಯ ಕಡೆ ಬಾವಿಗಿಂತ ಸುರಂಗ ಹೆಚ್ಚು. ಹೊರಗಿನವರಿಗಾಗಿ ಹೇಳುತ್ತೇನೆ: ಮುರಕಲ್ಲಿನ ಗುಡ್ಡೆಯ ಬದಿಗೆ ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ ಅಡ್ಡವಾಗಿ ಕೊರೆಯುತ್ತಾ ಹೋಗುವುದು, ಒಳಗೆ ಎಲ್ಲೋ ಒಸರು ಸಿಕ್ಕಿದರೆ ಆ ನೀರು ತಾನಾಗಿ ಹರಿದು ಹೊರಗಿನ ಮಣ್ಣಿನ ಕೊಳಕ್ಕೆ ಬೀಳುತ್ತದೆ. ಅದೇ ಕುಡಿಯುವುದಕ್ಕೆ, ಅದೇ ತೋಟಕ್ಕೆ. ಅಂದರೆ ನಮ್ಮ ನೀರು ಗುಡ್ಡೆಯ ತಲೆಯಿಂದ ಇಳಿದು ಬರುವ ನೀರು. ಗೇರುತೋಟ ಇದ್ದದ್ದು ಅದೇ ಗುಡ್ಡೆಯ ತಲೆಯಲ್ಲಿ. ಮೇಲೆ ಬಿದ್ದದ್ದು ಕೆಳಗೆ ಇಳಿಯದೆ ಇದ್ದೀತಾ? ಆ ಮದ್ದು ನೀರಿನಲ್ಲಿ ಸುಲಭಕ್ಕೆ ಕರಗುವುದಲ್ಲ, ಮಣ್ಣಿಗೆ ಅಂಟಿಕೊಳ್ಳುತ್ತದೆ, ಮಣ್ಣು ಕೊಚ್ಚಿಹೋದಾಗ ಅದರ ಜೊತೆ ತೋಡಿಗೆ ಇಳಿಯುತ್ತದೆ ಎಂದು ಆಮೇಲೆ ತಿಳಿದೆವು. ಹಳತಾದಾಗ ಅದು ಬೇರೊಂದು ರೂಪಕ್ಕೆ ತಿರುಗುತ್ತದೆ, ಆ ರೂಪಕ್ಕೆ ಇನ್ನೂ ಹೆಚ್ಚು ಆಯುಸ್ಸು.

ಮದ್ದು ಬಿಡುವ ಕ್ರಮದಲ್ಲಿ ಎಚ್ಚರಿಕೆಗಳು ಇಲ್ಲದೆ ಇರಲಿಲ್ಲ. ಗಿಡದ ತಲೆಯಿಂದ ಎರಡು-ಮೂರು ಮೀಟರಿನೊಳಗೆ ಹಾರಬೇಕು, ನೀರಿನ ಜಾಗಗಳನ್ನು ಮುಚ್ಚಬೇಕು ಅಂತ ಇತ್ತು. ಕಾಗದದಲ್ಲಿ ಸರಿಯೇ. ಆದರೆ ಗುಡ್ಡೆ, ಕಣಿವೆ, ಮತ್ತೆ ಗುಡ್ಡೆ ಇರುವ ನಮ್ಮ ಜಾಗದಲ್ಲಿ ಹೆಲಿಕಾಪ್ಟರ್ ನೆಲದ ಏರಿಳಿತ ಹಿಡಿದು ಹಾಗೆ ಹಾರುವುದು ಹೇಗೆ? ಹರಿಯುವ ತೋಡನ್ನು ಮುಚ್ಚುವ ಮುಚ್ಚಳ ಯಾವ ಅಂಗಡಿಯಲ್ಲಿ ಸಿಗುತ್ತದೆ? ನಿಯಮ ಬರೆದವರು ತಿಳಿದವರೇ. ಅವರಿಗೆ ಗೇರು ಗೊತ್ತಿತ್ತು, ಸೊಳ್ಳೆ ಗೊತ್ತಿತ್ತು, ಪಡ್ರೆ ಗೊತ್ತಿರಲಿಲ್ಲ.

ಇಂಥ ಹೊತ್ತಿಗೇ ಎಲ್ಲವನ್ನೂ ಸೇರಿಸಿ ನೋಡುವ ಆಡಳಿತಗಾರ ಬೇಕು ಎನ್ನುತ್ತಾರೆ ಮತ್ತೊಂದು ಪಕ್ಷದವರು. ಒಂದು ವಿದ್ಯೆಯ ಮನುಷ್ಯನಿಗೆ ಒಂದೇ ಕಣ್ಣು. ಮೇಲೆ ಕುಳಿತವನು ಕೃಷಿಯವರನ್ನೂ ಕೇಳಿ, ವೈದ್ಯರನ್ನೂ ಕೇಳಿ, ಊರಿನವರನ್ನೂ ಕೇಳಿ ತೀರ್ಮಾನ ಮಾಡುತ್ತಾನೆ, ಅದಕ್ಕೇ ಅವನಿರುವುದು ಅಂತ. ಮಾತು ಚಂದ ಉಂಟು. ಇಪ್ಪತ್ತು ವರ್ಷ ಹಾಗೆ ಕೇಳಿದವರು ಮಾತ್ರ ಕಾಣಲಿಲ್ಲ. ಒಬ್ಬ ಅಧಿಕಾರಿಗೆ ಈ ಊರಿನ ಹೆಸರು ಬಾಯಿಗೆ ಕೂರುವ ಹೊತ್ತಿಗೆ ವರ್ಗವಾಗುತ್ತದೆ. ಬಂದವರಿಗೆ ಕಡತ ಇಂಗ್ಲಿಷಿನಲ್ಲಿ, ಕಚೇರಿ ಮಲಯಾಳದಲ್ಲಿ, ಸಂಕಟ ಹೇಳುವವರು ತುಳುವಿನಲ್ಲಿಯೋ ಕನ್ನಡದಲ್ಲಿಯೋ. ವಿಷಯ ತಮಗೆ ತಿಳಿಯದ್ದು ಎಂಬ ಅಂಜಿಕೆಗೆ ಅವರು ಮೇಜಿನ ಮೇಲಿರುವ ಪಂಡಿತರ ಕಾಗದವನ್ನೇ ನಂಬುತ್ತಾರೆ. ಆ ಕಾಗದ ಗೇರಿನವರದ್ದು.

ಹಾಗಾದರೆ ಮೊದಲು ಕಂಡದ್ದು ಯಾರಿಗೆ? ಇದನ್ನು ನಾನು ಬಹಳ ಸಲ ಯೋಚನೆ ಮಾಡಿದ್ದೇನೆ. ನಮ್ಮ ಕಡೆಯ ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು ಅಂಗ ಸರಿಯಿಲ್ಲದೆ ಹುಟ್ಟಿದ ಕರುಗಳ ವಿಷಯ ಬರೆದರು. ವಾಣಿನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರಿಗೆ ಇಷ್ಟು ಸಣ್ಣ ಜಾಗದಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್ ಇಷ್ಟೊಂದು ಯಾಕೆ ಎಂಬ ಸಂಶಯ ಬಂತು. ತೆಂಕಣ ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ ಎಂಬವರು 1998ರಲ್ಲಿ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋಗಿ ಆಕಾಶದಿಂದ ಮದ್ದು ಬಿಡುವುದಕ್ಕೆ ತಡೆ ತಂದರು. ಅವರು ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದವರು. ಇಲಾಖೆಯ ತಲೆಗೆ ಕಾಣದ್ದು ಇಲಾಖೆಯ ಕಾಲಿಗೆ ಕಂಡಿತು.

ಡಾಕ್ಟರ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅವರು ಎಲ್ಲ ರೋಗಕ್ಕೂ ಮದ್ದು ಕೊಡುವ ಊರ ಡಾಕ್ಟರು. ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ನರದ ಡಾಕ್ಟರಿಗೆ ಅಪಸ್ಮಾರದ ಹುಡುಗ ಮಾತ್ರ ಕಾಣುತ್ತಾನೆ, ಕ್ಯಾನ್ಸರಿನ ಡಾಕ್ಟರಿಗೆ ಆ ಹುಡುಗನ ದೊಡ್ಡಮ್ಮ ಮಾತ್ರ ಕಾಣುತ್ತಾಳೆ, ಹೆರಿಗೆಯ ಡಾಕ್ಟರಿಗೆ ಪಕ್ಕದ ಮನೆಯ ಸೊಸೆ. ಮೂವರೂ ಒಂದೇ ತೋಡಿನ ನೀರು ಕುಡಿದವರು ಎಂದು ಆ ಮೂರು ಡಾಕ್ಟರುಗಳಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಊರ ಡಾಕ್ಟರಿಗೆ ಗೊತ್ತಾಗುತ್ತದೆ. ಹಾಗೆ ನೋಡಿದರೆ 'ಎಲ್ಲದರ ಮನುಷ್ಯ' ಎಂಬುದರಲ್ಲಿ ಎರಡು ಬಗೆ ಉಂಟು. ಒಬ್ಬನಿಗೆ ಎಲ್ಲ ಊರಿನದ್ದೂ ಸ್ವಲ್ಪ ಸ್ವಲ್ಪ ಗೊತ್ತು. ಇನ್ನೊಬ್ಬನಿಗೆ ಒಂದು ಊರಿನದ್ದು ಎಲ್ಲವೂ ಗೊತ್ತು. ಪರೀಕ್ಷೆ ಬರೆಸಿ ಸರಕಾರ ಆರಿಸುವುದು ಮೊದಲನೆಯವನನ್ನು. ಎರಡನೆಯವನಿಗೆ ಯಾವ ಕುರ್ಚಿಯೂ ಇಲ್ಲ, ಅವನು ಬರೆದ ಕಾಗದಕ್ಕೆ ಕಡತದಲ್ಲಿ ಜಾಗವೂ ಇಲ್ಲ.

ಸಂಶಯ ಬೇರೆ, ಸಾಕ್ಷಿ ಬೇರೆ. ಸಾಕ್ಷಿಗೆ ತಿಳಿದವರೇ ಬೇಕು, ಅದನ್ನೂ ಹೇಳಬೇಕು. 2001ರಲ್ಲಿ ದಿಲ್ಲಿಯ ಒಂದು ಸಂಸ್ಥೆಯವರು ಪಡ್ರೆಯ ನೀರು, ರಕ್ತ, ಹಾಲು ಪರೀಕ್ಷೆ ಮಾಡಿ ವಿಷ ಉಂಟು ಎಂದರು. ಬೇರೊಂದು ಪ್ರಯೋಗಶಾಲೆಯವರು ಹಾಗೇನಿಲ್ಲ ಎಂದರು. ಅದಾದ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಅವರ ಕ್ರಮ ನನಗೆ ಹಿಡಿಸಿತು, ಯಾಕೆಂದರೆ ಕೃಷಿಕ ಮಾಡುವುದೂ ಹಾಗೆಯೇ: ಒಂದು ತೋಟಕ್ಕೆ ಗೊಬ್ಬರ ಹಾಕಿ, ಪಕ್ಕದ ತೋಟಕ್ಕೆ ಹಾಕದೆ, ಎರಡನ್ನೂ ಹೋಲಿಸುವುದು. ಮದ್ದು ಬಿದ್ದ ಕಡೆಯ 117 ಗಂಡುಮಕ್ಕಳು, ಮದ್ದು ಬೀಳದ, ಉಳಿದದ್ದರಲ್ಲಿ ಇಲ್ಲಿಯ ಹಾಗೆಯೇ ಇರುವ ದೂರದ ಊರಿನ 90 ಮಕ್ಕಳು. ಇಲ್ಲಿಯ ಮಕ್ಕಳ ರಕ್ತದಲ್ಲಿ ಆ ವಿಷ ಹೆಚ್ಚು ಸಿಕ್ಕಿತು, ಅದೂ ಕೊನೆಯ ಸಲ ಮದ್ದು ಬಿಟ್ಟು ಹತ್ತು ತಿಂಗಳು ಕಳೆದ ಮೇಲೆ. ಪ್ರಾಯಕ್ಕೆ ಬರುವ ಬೆಳವಣಿಗೆ ಇಲ್ಲಿಯ ಹುಡುಗರಲ್ಲಿ ತಡವಾಗಿತ್ತು. ಇದನ್ನು ಕಲೆಕ್ಟರರಾಗಲಿ, ಪಂಚಾಯತು ಮೆಂಬರರಾಗಲಿ, ನಾನಾಗಲಿ ಕಂಡುಹಿಡಿಯಲು ಸಾಧ್ಯವಿರಲಿಲ್ಲ.

ಅದೇ ಕಾಲಕ್ಕೆ ಕೇಂದ್ರ ಸರಕಾರ ಇನ್ನೊಂದು ಸಮಿತಿ ಮಾಡಿತು. ಅದರ ಅಧ್ಯಕ್ಷರು ಒ.ಪಿ. ದುಬೆ; ಬೆಳೆಗಳಿಗೆ ಬರುವ ರೋಗ-ಕೀಟ ತಡೆಯುವ ವಿಷಯದ ಅಧಿಕಾರಿ. ಮದ್ದಿಗೂ ಈ ರೋಗಗಳಿಗೂ ಸಂಬಂಧ ಸಿದ್ಧವಾಗಿಲ್ಲ ಎಂದು 2003ರಲ್ಲಿ ಆ ಸಮಿತಿ ಹೇಳಿತು. ಅವರ ವಿದ್ಯೆಯ ಬಗ್ಗೆ ನನಗೆ ಮಾತಿಲ್ಲ. ಆದರೆ ಕೇಳಿದ ಪ್ರಶ್ನೆ ಮಕ್ಕಳ ರೋಗದ್ದು, ಕೂರಿಸಿದ್ದು ಗಿಡದ ರೋಗದವರನ್ನು. ಪಂಡಿತರನ್ನು ಕೂರಿಸಿದ್ದೇವೆ ಎಂಬ ಹೆಸರೂ ಬಂತು, ಬೇಕಾದ ಪಂಡಿತಿಕೆ ಮೇಲೆ ಕೂರಲೂ ಇಲ್ಲ. ಯಾವ ಪ್ರಶ್ನೆ ಯಾವ ವಿದ್ಯೆಗೆ ಸೇರಿದ್ದು ಎಂದು ಆರಿಸುವ ಈ ಕೆಲಸ ಆಡಳಿತಗಾರನದ್ದು. ಇಲ್ಲಿ ಕೆಟ್ಟದ್ದು ಅದು.

ಇನ್ನು ಪಟ್ಟಿಯ ವಿಷಯ. ಮದ್ದು ನಿಂತ ಮೇಲೆ ಹೆಚ್ಚು ನೋವು ಕೊಟ್ಟದ್ದು ಇದು. ಪರಿಹಾರ ಕೊಡಬೇಕಾದರೆ ಯಾರಿಗೆ ಎಂದು ಪಟ್ಟಿ ಬೇಕು. ವೈದ್ಯಕೀಯ ಶಿಬಿರ ನಡೆಯಿತು, ಬೇರೆ ಬೇರೆ ವಿಭಾಗದ ಡಾಕ್ಟರುಗಳು ಬಂದು ನೋಡಿದರು. ಆಗ ಕಚೇರಿ ಕೇಳುವ ಪ್ರಶ್ನೆ: ಈ ಮಗುವಿಗೆ ಎಂಡೋಸಲ್ಫಾನಿನಿಂದಲೇ ಹೀಗಾಯಿತಾ? ಒಳ್ಳೆ ಡಾಕ್ಟರಾದರೆ ಇದಕ್ಕೆ ಉತ್ತರ ಕೊಡಲಿಕ್ಕೆ ಆಗುವುದಿಲ್ಲ. 117 ಮಕ್ಕಳನ್ನು 90 ಮಕ್ಕಳ ಜೊತೆ ಹೋಲಿಸಿ ಈ ಊರಿನಲ್ಲಿ ಹೆಚ್ಚು ಉಂಟು ಎನ್ನಬಹುದು. ಒಂದು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಇದು ಅದರಿಂದಲೇ ಎನ್ನಲು ವಿದ್ಯೆಯಲ್ಲಿ ದಾರಿಯಿಲ್ಲ. ಮಹಾಳಿ ಬಂದ ವರ್ಷ ಗಾಳಿಯೂ ಇದ್ದರೆ, ಕೆಳಗೆ ಬಿದ್ದ ಒಂದು ಅಡಿಕೆಯನ್ನು ಹೆಕ್ಕಿ ಇದು ಗಾಳಿಗೆ ಬಿದ್ದದ್ದೋ ರೋಗಕ್ಕೋ ಎಂದು ಎಲ್ಲ ಸಲ ಹೇಳಲಾಗುತ್ತದಾ? ಹಾಗಾಗಿ ಡಾಕ್ಟರು 'ಆಗಿರಬಹುದು' ಎಂದು ಬರೆಯುತ್ತಾರೆ. ಕಚೇರಿಯವರು 'ಆಗಿದೆ ಎಂದು ಬರೆದಿಲ್ಲವಲ್ಲ' ಎಂದು ಕಾಗದ ಹಿಂದೆ ಕೊಡುತ್ತಾರೆ. ತಾಯಿ ಎರಡು ಬಾಗಿಲಿನ ನಡುವೆ ನಿಲ್ಲುತ್ತಾಳೆ. ನನಗೆ ತಿಳಿದ ಒಂದು ಮನೆಯವರು ಹೀಗೆ ಎಷ್ಟು ಸಲ ಬಸ್ಸು ಹತ್ತಿದರೋ ಲೆಕ್ಕವಿಲ್ಲ. ಆ ಕಚೇರಿಯ ಹೆಸರು ಇಲ್ಲಿ ಬೇಡ.

ನನ್ನ ಮಟ್ಟಿಗೆ ಆ ಪ್ರಶ್ನೆಯೇ ಡಾಕ್ಟರಿಗೆ ಕೇಳುವಂಥದ್ದಲ್ಲ. ಒಂದು ಊರಿನ ತಲೆಯ ಮೇಲೆ ಸರಕಾರದ್ದೇ ಸಂಸ್ಥೆ ಇಪ್ಪತ್ತು ವರ್ಷ ವಿಷ ಬಿಟ್ಟ ಮೇಲೆ, ಸಂಶಯದ ಲಾಭ ಯಾರಿಗೆ ಸಲ್ಲಬೇಕು ಎಂಬುದು ಧರ್ಮದ ಪ್ರಶ್ನೆ, ನ್ಯಾಯದ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದವನು ಆಳುವವನು. ಅವನು ಅದನ್ನು ವೈದ್ಯಶಾಸ್ತ್ರದ ಪ್ರಶ್ನೆಯ ವೇಷ ಹಾಕಿ ಡಾಕ್ಟರ ಮೇಜಿಗೆ ದೂಡಿದರೆ, ವೇಷದ ಹಿಂದೆ ಯಾರೂ ಇಲ್ಲ. ಬೇಕಾದರೆ ಲೆಕ್ಕ ನೋಡಿ. 2010ರ ಕೊನೆಗೆ ರಾಷ್ಟ್ರೀಯ ಮಾನವ ಹಕ್ಕು ಆಯೋಗ ಪರಿಹಾರ ಕೊಡಿ ಎಂದಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಮದ್ದಿಗೆ ದೇಶದಲ್ಲೇ ತಡೆ ಹಾಕಿತು. 2017ರ ಜನವರಿಯಲ್ಲಿ ಮೂರು ತಿಂಗಳೊಳಗೆ ಪ್ರತಿಯೊಬ್ಬ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಎಂದು ಆಜ್ಞೆ ಮಾಡಿತು. 2022ರ ಮೇಯಲ್ಲಿ ಅದೇ ಕೋರ್ಟಿನ ಮುಂದೆ ವಿಷಯ ಮತ್ತೆ ಬಂದಾಗ, 3,704 ಜನರಲ್ಲಿ ಹಣ ಸಿಕ್ಕಿದ್ದು ಕೋರ್ಟಿನ ಮೆಟ್ಟಿಲು ಹತ್ತಿದ 8 ಜನರಿಗೆ. ಈ ಐದು ವರ್ಷದಲ್ಲಿ ಯಾವ ವಿಜ್ಞಾನ ಕಡಿಮೆ ಬಿದ್ದಿತ್ತು? ಪಟ್ಟಿ ಇತ್ತು, ಆಜ್ಞೆ ಇತ್ತು.

ಮತ್ತೆ ಕೋಲ್ಮನ್ ಸಾಹೇಬರ ಬೋರ್ಡೋ ದ್ರಾವಣಕ್ಕೆ ಬರುತ್ತೇನೆ, ಅದರಲ್ಲಿ ಒಂದು ವಿಷಯ ಹೇಳುವುದು ಬಾಕಿ ಉಂಟು. ಒಂದು ಕಿಲೋ ಮೈಲುತುತ್ತು ಒಂದು ಅಂಡೆಯಲ್ಲಿ ಕರಗಿಸಬೇಕು, ಒಂದು ಕಿಲೋ ಸುಣ್ಣ ಇನ್ನೊಂದರಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು, ಎಲ್ಲ ಸೇರಿ ನೂರು ಲೀಟರ್. ಸುಣ್ಣ ಹಳತಾಗಿ ಸತ್ವ ಹೋಗಿದ್ದರೆ ತುತ್ತು ಉಳಿದುಹೋಗುತ್ತದೆ, ಅದು ಗೊನೆಯನ್ನೇ ಸುಡುತ್ತದೆ. ಅದನ್ನು ತಿಳಿಯುವುದು ಹೇಗೆ? ಚೆನ್ನಾಗಿ ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನೂ ಹಾಕು. ಕೆಂಪು ಹಿಡಿಯದಿದ್ದರೆ ಬಿಡಬಹುದು. ಅಂದರೆ ಪಂಡಿತ ಹೇಳಿದ ವಿದ್ಯೆ ನನ್ನ ಅಂಗಳದಲ್ಲಿ ತಪ್ಪಿದೆಯೋ ಇಲ್ಲವೋ ಎಂದು ನೋಡಲು ನನ್ನ ಕೈಯಲ್ಲೇ ಒಂದು ಕತ್ತಿ ಉಂಟು. ಕೋಲ್ಮನ್ ಬದಲು ಯಾರೇ ಆ ಕುರ್ಚಿಯಲ್ಲಿ ಕೂತರೂ ಆ ಕತ್ತಿ ನನ್ನದೇ.

ಹೆಲಿಕಾಪ್ಟರಿನ ಮದ್ದಿಗೆ ಕೆಳಗಿದ್ದವರ ಕೈಯಲ್ಲಿ ಅಂಥ ಕತ್ತಿ ಇರಲಿಲ್ಲ. ಜೇನು ಸತ್ತಿತು, ತೋಡಿನ ಮೀನು ತೇಲಿತು, ಅದೇ ನಮ್ಮ ಕತ್ತಿಯ ಕೆಂಪು. ಅದನ್ನು ತಗೊಂಡು ಹೋಗಿ ತೋರಿಸುವ ಮೇಜು ಎಲ್ಲಿಯೂ ಇರಲಿಲ್ಲ. ಪಾಡ್ದನ ಹೇಳುವಾಗ ಮುಂದೆ ಹೇಳುವವರು ಒಬ್ಬರು, ಹಿಂದೆ ದನಿ ಕೂಡಿಸುವವರು ನಾಲ್ಕು ಜನ. ಮುಂದಿನವರು ಕತೆಯ ಒಂದು ಎಸಳು ಬಿಟ್ಟರೆ ಹಿಂದಿನವರು ದನಿ ಕೂಡಿಸದೆ ನಿಲ್ಲುತ್ತಾರೆ, ಆಗ ಮುಂದಿನವರಿಗೆ ಗೊತ್ತಾಗುತ್ತದೆ. ಹಾಗೆ ನಿಲ್ಲುವ ಹಕ್ಕು ಹಿಂದಿನವರಿಗೆ ಇದ್ದ ಕಾರಣವೇ ಅಷ್ಟುದ್ದದ ಕತೆ ತಪ್ಪದೆ ನಮ್ಮವರೆಗೆ ಬಂದದ್ದು.

ಹೀಗೆ ನೋಡಿದಾಗ ಹನುಮಂತಯ್ಯನವರ ಆಯೋಗದ ಮಾತನ್ನು ನಾನು ಒಪ್ಪುತ್ತೇನೆ, ಅರ್ಧ. ಕೃಷಿ ಇಲಾಖೆಗೆ ಕೃಷಿ ತಿಳಿದವರು ಬರಲಿ. ಬಂದರೂ ಗೇರಿನ ಇಳುವರಿಗೆ ಜವಾಬ್ದಾರರಾದವರೇ ನೀರಿನ ಶುದ್ಧಕ್ಕೂ ಸಹಿ ಹಾಕುವ ಹಾಗೆ ಆಗಬಾರದು. ಆ ಸಹಿ ಬೇರೆ ವಿದ್ಯೆಯವರದ್ದಾಗಿರಬೇಕು, ಅವರ ಸಂಬಳ ಇಳುವರಿಯಿಂದ ಬರಬಾರದು. ಮತ್ತು ವಾಣಿನಗರದ ಡಾಕ್ಟರ ಹಾಗೆ ಒಂದು ಊರಿನದ್ದು ಎಲ್ಲ ತಿಳಿದವರು ಬರೆದ ಕಾಗದಕ್ಕೆ ಇಂತಿಷ್ಟು ದಿನದಲ್ಲಿ ಉತ್ತರ ಬರೆಯಬೇಕಾದವರು ಯಾರು ಎಂದು ಹೆಸರು ಹಿಡಿದು ನಿಶ್ಚಯವಾಗಿರಬೇಕು. ಅದು ಇಲ್ಲದಿದ್ದರೆ ಕುರ್ಚಿಯಲ್ಲಿ ಐ.ಎ.ಎಸ್. ಕೂತರೂ ಎಂ.ಎಸ್ಸಿ. ಕೂತರೂ ಪಡ್ರೆಗೆ ವ್ಯತ್ಯಾಸ ಕಾಣದು.

ಈ ಮಾತು ಹಳೆ ಕತೆ ಎಂದು ಯಾರೂ ತಿಳಿಯಬೇಡಿ. ಬಿಡದೆ ಉಳಿದ ಎಂಡೋಸಲ್ಫಾನ್ ನಿಗಮದ ಗೋದಾಮುಗಳಲ್ಲಿ ವರ್ಷಗಟ್ಟಲೆ ಉಳಿಯಿತು. ಹಳೆ ಅಂಡೆಗಳು ಸೋರುತ್ತವೆಂದು 2012ರಲ್ಲಿ ಅದನ್ನು ಹೊಸ ಅಂಡೆಗಳಿಗೆ ತುಂಬಿಸಿದರು. ಮಿಂಚಿನಪದವಿನ ಗೇರುತೋಟದಲ್ಲಿ ನೆಲದೊಳಗೆ ಹಾಕಿದ್ದಾರೆ ಎಂಬ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಉಳಿದ ವಿಷವನ್ನು ಸಾಯಿಸುವುದು ಹೇಗೆ ಎಂಬುದಕ್ಕೆ ರಸಾಯನ ಕಲಿತವರ ಹತ್ತಿರ ಉತ್ತರ ಸಿಕ್ಕೀತು, ಅದನ್ನು ಅವರೇ ಹೇಳಬೇಕು. ಆದರೆ ಯಾವ ಗುಡ್ಡೆಯ ಅಡಿಯಲ್ಲಿ ಯಾರ ಮನೆಯ ಸುರಂಗ ಎಷ್ಟು ಕೋಲು ಒಳಗೆ ಹೋಗಿದೆ, ಎಲ್ಲಿ ಎಡಕ್ಕೆ ಕವಲಾಗಿದೆ ಎಂಬುದು ಯಾವ ಕಚೇರಿಯ ನಕ್ಷೆಯಲ್ಲೂ ಇಲ್ಲ. ಅದು ಗೊತ್ತಿರುವುದು ಅದನ್ನು ಕೊರೆದ ನಾಲ್ಕಾರು ಮುದುಕರಿಗೆ. ಅವರಲ್ಲಿ ಇಬ್ಬರು ನಮ್ಮ ವಾರ್ಡಿನಲ್ಲೇ ಇದ್ದಾರೆ, ಒಬ್ಬರಿಗೆ ಈಗ ಕಿವಿ ಸರಿ ಕೇಳುವುದಿಲ್ಲ. ಅಧಿಕಾರಿಗಳು ಬರುವುದಾದರೆ ಬೇಗ ಬರಲಿ, ಕರೆದುಕೊಂಡು ಹೋಗಿ ತೋರಿಸಲಿಕ್ಕೆ ನಾನು ತಯಾರು.